30 ಕೆಜಿ ಚೀಲಕ್ಕೆ ಸೊನ್ನೆ, 1 ಕೆಜಿ ಪೊಟ್ಟಣಕ್ಕೆ ಐದು

ತಿಂಗಳ 9ನೇ ತಾರೀಖು. ತಿಂಗಳ ಮಾರಾಟದ ವಿವರ ತೋರಿಸುವ ಜಿಎಸ್‌ಟಿಆರ್-1 ಸಲ್ಲಿಸಲು ಇನ್ನು ಎರಡೇ ದಿನ. ಕಲಬುರಗಿಯ ಕಪನೂರಿನ ಕಡೆ ದಾಲ್ ಮಿಲ್ ಇರುವ ಮನೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು, ತೆರಿಗೆ ಲೆಕ್ಕ ನೋಡುವ ನನ್ನ ಆಫೀಸಿಗೆ ಬಂದ. ಒಂದು ತಿಂಗಳಿಂದ ಆನ್‌ಲೈನ್‌ನಲ್ಲಿ ತೊಗರಿ ಬೇಳೆ ಮಾರುತ್ತಿದ್ದಾನೆ.

"ಸರ್, ಸೈಟಿನ ರಿಪೋರ್ಟಿಗೂ ನಮ್ಮ ಟ್ಯಾಲಿಗೂ ತಾಳೆ ಆಗವಲ್ದು ನೋಡ್ರಿ" ಅಂದ.

ನೋಡಿದೆ. ಸೈಟ್ ಅವನ ಹೆಸರಿನಲ್ಲಿ ಕೊಟ್ಟ ಬಿಲ್ಲುಗಳಲ್ಲೆಲ್ಲ ತೆರಿಗೆ ಸೊನ್ನೆ. ಅದೇ ಮಾಲಿಗೆ ಟ್ಯಾಲಿಯಲ್ಲಿ ಶೇ. 5. ಲಿಸ್ಟಿಂಗ್ ಮಾಡುವಾಗ ಸೊನ್ನೆ ಯಾಕೆ ಹಾಕಿದೆ ಅಂತ ಕೇಳಿದರೆ, "ಅಪ್ಪ ಹೇಳ್ಯಾರ್ರಿ. ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಿದ್ರ ಮಾತ್ರ ಬ್ಯಾಳಿಗೆ ಟ್ಯಾಕ್ಸ್ ಅದ, ಇಲ್ಲಂದ್ರ ಇಲ್ಲ ಅಂತ."

ಅವರಪ್ಪ ಹೇಳಿದ್ದು ಸುಳ್ಳಲ್ಲ, ಹಳೆಯದು. 2017ರಲ್ಲಿ ಜಿಎಸ್‌ಟಿ ಬಂದಾಗ ನಿಯಮ ಹೆಚ್ಚೂಕಡಿಮೆ ಹಾಗೇ ಇತ್ತು. 2022ರ ಜುಲೈ 18ರಿಂದ ಅದು ಬದಲಾಯಿತು. ಈಗ ಬ್ರ್ಯಾಂಡ್ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ಬೇಳೆಯನ್ನು ಮೊದಲೇ ಪ್ಯಾಕ್ ಮಾಡಿ ಮಾರುತ್ತೀರಾ, ಆ ಪ್ಯಾಕ್ ಎಷ್ಟು ದೊಡ್ಡದು ಅನ್ನುವುದಷ್ಟೇ ಮುಖ್ಯ. ಚಿಲ್ಲರೆ ಮಾರಾಟಕ್ಕೆ ಪ್ಯಾಕ್ ಮಾಡಿ, ತೂಕ-ಬೆಲೆ-ವಿಳಾಸದ ಲೇಬಲ್ ಹಾಕಲೇಬೇಕಾದ ಪೊಟ್ಟಣ 25 ಕೆಜಿ ತನಕ ಇದ್ದರೆ ಶೇ. 5. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. ಸರಿಯಾಗಿ 25 ಕೆಜಿ ಇದ್ದರೆ? ಅದಕ್ಕೂ ಶೇ. 5. ನಮ್ಮ ಗಂಜ್ ಮಾರುಕಟ್ಟೆಯಲ್ಲಿ 30 ಕೆಜಿ ಚೀಲಗಳು ಜಾಸ್ತಿ ಕಾಣಿಸುವುದು ಸುಮ್ನೆ ಅಲ್ಲ.

ಇಲ್ಲಿ ಇನ್ನೊಂದು ಜಾಣತನ ಆಗಾಗ ನೋಡುತ್ತೇನೆ. ಲೇಬಲ್ಲೇ ಹಚ್ಚದೆ, ಸಾದಾ ಕವರಿನಲ್ಲಿ 2 ಕೆಜಿ ತುಂಬಿ, ಲಿಸ್ಟಿಂಗ್‌ನಲ್ಲಿ 'ಲೂಸ್ ಬೇಳೆ' ಅಂತ ಬರೆದು ಸೊನ್ನೆ ಹಾಕುವುದು. ಇದು ನಡೆಯುವುದಿಲ್ಲ. ಕಾನೂನು ಕೇಳುವುದು ಲೇಬಲ್ ಹಚ್ಚಿದ್ದೀರಾ ಅಂತ ಅಲ್ಲ, ಹಚ್ಚಬೇಕಿತ್ತಾ ಅಂತ. ಗಿರಾಕಿ ಎದುರಿಗೆ ತೂಗಿ ಕೊಟ್ಟರೆ ಅದು ಲೂಸ್. ಕೊರಿಯರ್‌ನಲ್ಲಿ ಹೋಗುವ ಪೊಟ್ಟಣವನ್ನು ಗಿರಾಕಿ ಇಲ್ಲದಾಗಲೇ ತೂಗಿ ಕಟ್ಟಿರುತ್ತೀರಿ, ಅಲ್ವಾ? 15 ಕೆಜಿಯ ಎರಡು ಚೀಲ ಸೇರಿಸಿ ಪಟ್ಟಿ ಬಿಗಿದು '30 ಕೆಜಿ' ಅಂದರೂ ಅಷ್ಟೇ. ಒಳಗಿರುವುದು ಎರಡು ಚಿಲ್ಲರೆ ಪ್ಯಾಕ್, ಎರಡಕ್ಕೂ ತೆರಿಗೆ ಇದೆ.

ಹುಡುಗನ ಲೆಕ್ಕಕ್ಕೆ ಬರೋಣ. ಆ ತಿಂಗಳು 1 ಕೆಜಿ ಪೊಟ್ಟಣ 189 ರೂಪಾಯಿಯಂತೆ 240 ಹೋಗಿದ್ದವು, ಅಂದರೆ 45,360 ರೂಪಾಯಿ. 5 ಕೆಜಿಯದು 924ರಂತೆ 60, ಅದು 55,440. 30 ಕೆಜಿ ಚೀಲ 5,100ರಂತೆ 8, ಅದು 40,800. ಈ ಚೀಲಗಳಿಗೆ ಸೊನ್ನೆ ಹಾಕಿದ್ದು ಸರಿಯೇ. ತಪ್ಪಿದ್ದು ಸಣ್ಣ ಪ್ಯಾಕ್‌ಗಳಲ್ಲಿ.

ಪೊಟ್ಟಣದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಬೆಲೆ. ಹಾಗಾಗಿ 189ರ ಮೇಲೆ ಶೇ. 5 ಸೇರಿಸುವಂತಿಲ್ಲ, ಅದರೊಳಗಿಂದಲೇ ತೆಗೆಯಬೇಕು. 189ನ್ನು 105ರಿಂದ ಭಾಗಿಸಿ 5ರಿಂದ ಗುಣಿಸಿದರೆ 9 ರೂಪಾಯಿ ತೆರಿಗೆ, ಉಳಿದ 180 ಮಾಲಿನ ಬೆಲೆ. ಹೀಗೆ 1 ಕೆಜಿಯದಕ್ಕೆ 2,160, 5 ಕೆಜಿಯದಕ್ಕೆ 2,640, ಒಟ್ಟು 4,800 ರೂಪಾಯಿ. ಗಿರಾಕಿಗಳು ದುಡ್ಡು ಕೊಟ್ಟಾಗಿದೆ, ಬಿಲ್ಲಿನಲ್ಲಿ ತೆರಿಗೆ ಸೊನ್ನೆ ಅಂತಲೂ ಬಂದಾಗಿದೆ. ಇನ್ನು ಅವರ ಹತ್ತಿರ ಕೇಳಲು ಆಗುವುದಿಲ್ಲ. ಅಷ್ಟೂ ಇವನ ಕೈಯಿಂದ.

ಸಮಾಧಾನದ ವಿಷಯ ಅಂದರೆ ರಿಟರ್ನ್ ಇನ್ನೂ ಹಾಕಿರಲಿಲ್ಲ. ಆ ತಿಂಗಳ ರಿಟರ್ನ್‌ನಲ್ಲೇ ಸರಿ ದರ ತೋರಿಸಿ, ವೇಳೆಗೆ ಕಟ್ಟಿದ್ದರಿಂದ ಬಡ್ಡಿ ಬೀಳಲಿಲ್ಲ. ತಡವಾಗಿದ್ದರೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ಒಂದು ತೊಡಕು ಮಾತ್ರ ಉಳಿಯಿತು. ತೆರಿಗೆ ಇರುವ ಮಾರಾಟದ ಮೇಲೆ ಸೈಟ್‌ನವರು ಮಾರುವವನ ದುಡ್ಡಿನಿಂದ ಶೇ. 0.5 ತೆರಿಗೆ, ಅಂದರೆ ಟಿಸಿಎಸ್, ಹಿಡಿದು, ತಮ್ಮ ರಿಟರ್ನ್‌ನಲ್ಲಿ ಆ ಮಾರಾಟ ತೋರಿಸಬೇಕು. ಬಿಲ್ಲಿನಲ್ಲಿ ಸೊನ್ನೆ ಇದ್ದ ಕಾರಣ ಅವರು ಹಿಡಿದೇ ಇರಲಿಲ್ಲ. ಹೀಗಾಗಿ ಇವನ ಜಿಎಸ್‌ಟಿಆರ್-1ರಲ್ಲಿ ಸೈಟಿನ ಮೂಲಕ 96,000 ರೂಪಾಯಿಯ ತೆರಿಗೆ ಮಾಲು, ಸೈಟ್‌ನವರ ಜಿಎಸ್‌ಟಿಆರ್-8ರಲ್ಲಿ ಏನೂ ಇಲ್ಲ. ಮುಂದೆ ಯಾರಾದರೂ ಕೇಳಿದರೆ ಕೊಡಲು ಲೆಕ್ಕದ ಹಾಳೆ ಮಾಡಿ ಫೈಲಿನಲ್ಲಿ ಇಟ್ಟೆವು.

ಉಲ್ಟಾ ತಪ್ಪು ಇನ್ನೂ ದುಬಾರಿ. ಅದೇ 189ರ ಪೊಟ್ಟಣಕ್ಕೆ ಡ್ರಾಪ್‌ಡೌನ್‌ನಲ್ಲಿ ಕೈ ತಪ್ಪಿ 18 ಒತ್ತಿದರೆ, ತೆರಿಗೆ 28.83 ಅಂತ ಬಿಲ್ ಆಗುತ್ತದೆ. ನಿಮಗೆ ಉಳಿಯುವುದು 160.17. ಪೊಟ್ಟಣಕ್ಕೆ 19.83 ಹೋಯಿತು. ನಿಜವಾದ ದರ 5 ತಾನೇ ಅಂತ ಹೆಚ್ಚುವರಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ತೆರಿಗೆ ಅಂತ ಹೇಳಿ ವಸೂಲಿ ಮಾಡಿದ್ದು ಸರ್ಕಾರಕ್ಕೇ ಹೋಗಬೇಕು.

ದರ ಆಯಿತು, ಇನ್ನು ಮಾಲು ಯಾವುದು ಅಂತ ಹೇಳುವ ಕೋಡ್. ತೊಗರಿಯ ಎಚ್‌ಎಸ್‌ಎನ್ `07136000`. 0713 ಅಂದರೆ ಸಿಪ್ಪೆ ಸಹಿತ ಇರಲಿ, ತೆಗೆದಿರಲಿ, ಇಡೀ ಕಾಳಿರಲಿ, ಒಡೆದಿರಲಿ, ಒಣ ಬೇಳೆಕಾಳು. ಅಂದರೆ ಮಿಲ್ಲಿನಲ್ಲಿ ತೊಗರಿ ಬೇಳೆಯಾದರೂ ಕೋಡ್ ಬದಲಾಗುವುದಿಲ್ಲ. ಪಾಲಿಶ್, ಗ್ರೇಡ್ ಯಾವುದಕ್ಕೂ ಬದಲಾಗುವುದಿಲ್ಲ. 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು, ಅದಕ್ಕೂ ಬದಲಾಗಲಿಲ್ಲ. ಆದರೆ ಹಿಟ್ಟು ಮಾಡಿದರೆ ಬದಲಾಗುತ್ತದೆ. ಕಡಲೆ ಹಿಟ್ಟು 1106. ಬೇಳೆಯ ಲಿಸ್ಟಿಂಗ್ ಕಾಪಿ ಮಾಡಿ, ಫೋಟೋ-ಹೆಸರು ಬದಲಿಸಿ, ಕೋಡ್ ಮರೆತು ಹಿಟ್ಟಿನ ಲಿಸ್ಟಿಂಗ್ ಮಾಡಿದವರು ನನ್ನ ಹತ್ತಿರವೇ ಮೂವರು ಇದ್ದಾರೆ.

ಹುಡುಗನ ಹಾಳೆಯಲ್ಲಿ ಇದ್ದದ್ದು ಮಾತ್ರ ಬೇರೆ ಕಥೆ. ಕೋಡ್ ಕಾಲಂನಲ್ಲಿ `7136000` ಅಂತ ಇತ್ತು. ಏಳೇ ಅಂಕಿ. ಅವನು ಸರಿಯಾಗೇ ಟೈಪ್ ಮಾಡಿದ್ದ, ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮೊದಲಿನ ಸೊನ್ನೆ ನುಂಗಿತ್ತು. ಕೆಳಗಿನ ಸಾಲುಗಳಿಗೆ ಕಂಟ್ರೋಲ್ ಕೀ ಒತ್ತಿ ಮೌಸ್‌ನಿಂದ ಎಳೆದಾಗ ಒಂದೊಂದೇ ಏರಿ 7136001, 7136002 ಅಂತಲೂ ಆಗಿತ್ತು. ಎಚ್‌ಎಸ್‌ಎನ್ ಕಾಲಂ ಅನ್ನು ಟೈಪ್ ಮಾಡುವ ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳಿ. ಕೆಳಕ್ಕೆ ಎಳೆಯಬೇಡಿ, ಕಾಪಿ-ಪೇಸ್ಟ್ ಮಾಡಿ. 5 ಕೋಟಿ ತನಕ ವಹಿವಾಟಿದ್ದವರಿಗೆ ಜಿಎಸ್‌ಟಿಆರ್-1ರ ಎಚ್‌ಎಸ್‌ಎನ್ ಪಟ್ಟಿಯಲ್ಲಿ 4 ಅಂಕಿ ಸಾಕು. ಆದರೂ ಕ್ಯಾಟಲಾಗ್‌ನಲ್ಲಿ ಎಂಟೂ ಅಂಕಿ ಇರಲಿ ಅನ್ನುತ್ತೇನೆ. ಒಂದು ಅಂಕಿ ಕಳೆದುಹೋದರೆ ಕಣ್ಣಿಗೆ ಬೀಳುತ್ತದೆ. 2025ರ ಮೇ ತಿಂಗಳಿನಿಂದ ಆ ಪಟ್ಟಿಯಲ್ಲಿ ಕೋಡ್ ಟೈಪ್ ಮಾಡುವ ಹಾಗಿಲ್ಲ, ಪೋರ್ಟಲ್ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಇಲ್ಲದ ಕೋಡ್ ಅಲ್ಲಿಗೆ ಬಂದರೆ ನಿಂತೇ ಹೋಗುತ್ತದೆ.

ಅವತ್ತು ಕೂತು ಹಾಳೆಯನ್ನು ಹೀಗೆ ತಿದ್ದಿದೆವು:

```
SKU           HSN        GST
TUR-1KG-05    07136000   5
TUR-5KG-05    07136000   5
TUR-30KG-00   07136000   0
```

ಪ್ರತಿ ಪ್ಯಾಕ್‌ಗೆ ನಾವೇ ಇಡುವ ಎಸ್‌ಕೆಯು ಹೆಸರಿನ ಬಾಲಕ್ಕೇ ದರ ಅಂಟಿಸಿದ್ದು ನನ್ನ ಹಟ. ಟ್ಯಾಲಿಯಲ್ಲೂ ಅದೇ ಹೆಸರು ಇಡಿಸಿದೆ. ಪ್ಯಾಕ್ ಮಾಡುವ ಹುಡುಗನಿಗೂ ಈಗ ಗೊತ್ತಾಗುತ್ತದೆ. ಜಿಎಸ್‌ಟಿ ಕಾಲಂನಲ್ಲಿ ಪೂರ್ತಿ ದರ ಹಾಕಬೇಕು, 2.5 ಅಲ್ಲ. ಮಾಲು ಕರ್ನಾಟಕದೊಳಗೆ ಹೋದರೆ ಬಿಲ್ಲಿನಲ್ಲಿ ಅದು ಕೇಂದ್ರಕ್ಕೆ 2.5 ಮತ್ತು ರಾಜ್ಯಕ್ಕೆ 2.5 ಆಗಿ ಒಡೆಯುತ್ತದೆ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋದರೆ ಐಜಿಎಸ್‌ಟಿ 5 ಅಂತ ಬರುತ್ತದೆ. ಆಮೇಲೆ ಅವನ ಅಕ್ಕನ ಹೆಸರಿನಲ್ಲಿ 1 ಕೆಜಿ ಆರ್ಡರ್ ಮಾಡಿಸಿ, ಬಂದ ಬಿಲ್ ತೆಗೆದು ನೋಡಿದೆವು. 180, 4.50, 4.50, ಒಟ್ಟು 189. ಲಿಸ್ಟಿಂಗ್ ಸರಿ ಇದೆಯಾ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡು ಪಕ್ಕದಲ್ಲಿ ಕೂತಿದ್ದರು ಇನ್ನೊಬ್ಬ ಗಿರಾಕಿ, ಖಡಕ್ ರೊಟ್ಟಿ ಮಾರುವ ಅಕ್ಕ. "ಸರ್, ನಂದೂ ಒಂದ್ಸಲ ನೋಡ್ರಲ್ಲ" ಅಂದರು. ಅವರ ಜೋಳದ ರೊಟ್ಟಿಗೆ ಶೇ. 5 ಇತ್ತು. ಲಿಸ್ಟಿಂಗ್ ಮಾಡಿದಾಗ ಅದು ಸರಿಯೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ತೆರಿಗೆ ಇಲ್ಲ. ಅವರ ಕ್ಯಾಟಲಾಗ್‌ಗೆ ಅದು ಗೊತ್ತಿಲ್ಲ, 210 ರೂಪಾಯಿಯ ಪ್ರತಿ ಕಟ್ಟಿಗೆ ಇನ್ನೂ 10 ರೂಪಾಯಿ ತೆರಿಗೆ ಅಂತ ಕತ್ತರಿಸುತ್ತಾ ಕೂತಿತ್ತು. ಅಲ್ಲೇ ಸೊನ್ನೆ ಮಾಡಿಸಿದೆ.

ಅವರ ಹತ್ತಿರ ಇನ್ನೊಂದು ಕಾಂಬೊ ಇತ್ತು. ರೊಟ್ಟಿ ಕಟ್ಟು, ಜೊತೆಗೆ 105 ರೂಪಾಯಿಯ ಶೇಂಗಾ ಚಟ್ನಿ ಪುಡಿ, ಎರಡೂ ಸೇರಿ ಒಂದೇ ಬೆಲೆ 315. ಚಟ್ನಿ ಪುಡಿ 2103, ಅದಕ್ಕೆ ಶೇ. 5. ಬೇರೆ ಬೇರೆ ಮಾರಬಹುದಾದ ಎರಡು ವಸ್ತುವನ್ನು ಒಂದೇ ಬೆಲೆಗೆ ಕಟ್ಟಿ ಕೊಟ್ಟರೆ, ಎರಡರಲ್ಲಿ ಯಾವುದರ ದರ ಜಾಸ್ತಿಯೋ ಅದು ಇಡೀ ಕಟ್ಟಿಗೆ ಬೀಳುತ್ತದೆ. ಅಂದರೆ 315ರಲ್ಲಿ 15 ರೂಪಾಯಿ ತೆರಿಗೆ. ಬೇರೆ ಬೇರೆ ಮಾರಿದರೆ ರೊಟ್ಟಿಗೆ ಸೊನ್ನೆ, ಚಟ್ನಿಗೆ 5 ರೂಪಾಯಿ ಅಷ್ಟೇ.

"ಹಂಗಾದ್ರ ರೊಟ್ಟಿಗೂ ನಾ ಚಟ್ನಿ ಟ್ಯಾಕ್ಸ್ ಕಟ್ಟಬೇಕೇನ್ರಿ?"

ಹೌದು ಅಂದೆ. ಅಕ್ಕ ಫೋನ್ ತೆಗೆದು, ನನ್ನ ಮುಂದೆಯೇ ಕಾಂಬೊ ಬಂದ್ ಮಾಡಿದರು.