40 ಡಿಗ್ರಿ ಇಳಿಜಾರಿಗೆ 9 ಅಂಕ ಬರುವುದು ಹೇಗೆ?

ಕಂಪ್ಯೂಟರ್‌ನಲ್ಲಿ ನಕ್ಷೆ ವಿಶ್ಲೇಷಿಸುವ ಜಿಐಎಸ್ ಕಲಿತವರಲ್ಲಿ ಬಹಳ ಜನಕ್ಕೆ ಸ್ಟೋ ಎಂಬ ಊರು ಗೊತ್ತಿರುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಮ್ಯಾನ್ಸ್‌ಫೀಲ್ಡ್ ಬೆಟ್ಟದ ಪಕ್ಕದ ಊರು ಅದು. ಅಲ್ಲಿ ಹೊಸ ಶಾಲೆಗೆ ಜಾಗ ಹುಡುಕುವುದು ಜಿಐಎಸ್ ಸಾಫ್ಟ್‌ವೇರ್ ಮಾಡುವ ಎಸ್ರಿ ಕಂಪನಿಯ ತುಂಬಾ ಹಳೆಯ ಪಾಠ. ವೆಯ್ಟೆಡ್ ಓವರ್‌ಲೇ ಅಂದರೇನು, ನಕ್ಷೆಯ ಪದರಗಳಿಗೆ ತೂಕ ಕೊಟ್ಟು ಕೂಡಿಸುವುದು ಹೇಗೆ ಎಂದು ನನ್ನಂಥ ಎಷ್ಟೋ ಜನ ಮೊದಲು ಕಲಿತದ್ದು ಅದರಲ್ಲೇ. ಈಗಲೂ ಯಾರಾದರೂ ಶಾಲೆಗೋ ಆಸ್ಪತ್ರೆಗೋ ಜಾಗ ಹುಡುಕಿದ ನಕ್ಷೆ ತಂದು ತೋರಿಸಿದರೆ, ಒಳಗೆ ಆ ಪಾಠದ ಲೆಕ್ಕವೇ ಕಾಣುತ್ತದೆ. ಆದ್ದರಿಂದ ಅದನ್ನೇ ಬಿಡಿಸಿ ನೋಡೋಣ.

ಪಾಠದಲ್ಲಿ ನಾಲ್ಕು ಪದರಗಳಿವೆ. ಆಟದ ಮೈದಾನದಂಥ ಮನರಂಜನೆಯ ತಾಣಗಳು ಎಷ್ಟು ದೂರ, ಈಗಿರುವ ಶಾಲೆಗಳು ಎಷ್ಟು ದೂರ, ನೆಲದ ಇಳಿಜಾರು ಎಷ್ಟು, ಭೂಮಿ ಯಾವ ಬಳಕೆಯಲ್ಲಿದೆ. ಒಂದು ಮೀಟರ್‌ನಲ್ಲಿದೆ, ಇನ್ನೊಂದು ಡಿಗ್ರಿಯಲ್ಲಿದೆ, ಭೂಬಳಕೆಯಂತೂ ಬರೀ ಹೆಸರು. ಇವನ್ನು ಹಾಗೇ ಕೂಡಿಸಲು ಬರುವುದಿಲ್ಲ. ಅದಕ್ಕೇ ಪ್ರತಿ ಪದರವನ್ನೂ ರೀಕ್ಲಾಸಿಫೈ ಮಾಡಿ 1ರಿಂದ 10ರ ಅಂಕಕ್ಕೆ ಇಳಿಸುತ್ತಾರೆ. ಆಟದ ಜಾಗ ಹತ್ತಿರವಿದ್ದರೆ ಹೆಚ್ಚು ಅಂಕ. ಹಳೆಯ ಶಾಲೆ ದೂರವಿದ್ದರೆ ಹೆಚ್ಚು ಅಂಕ. ಸಮತಟ್ಟು ನೆಲಕ್ಕೆ 10. ಆಮೇಲೆ ಯಾವ ಪದರ ಎಷ್ಟು ಮುಖ್ಯ ಎಂಬ ಶೇಕಡಾ ತೂಕ: ಮನರಂಜನೆಗೆ 50, ಶಾಲೆಯ ದೂರಕ್ಕೆ 25, ಇಳಿಜಾರಿಗೆ 13, ಭೂಬಳಕೆಗೆ 12. ಒಟ್ಟು 100.

ಮೀಟಿಂಗ್‌ಗಳಲ್ಲಿ ಜಗಳವೆಲ್ಲ ಈ ತೂಕದ ಮೇಲೆಯೇ. 25 ಸಾಕಾ, 30 ಬೇಕಾ ಎಂದು ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ರೀಕ್ಲಾಸಿಫೈ ಕೋಷ್ಟಕವನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ನನ್ನ ಪ್ರಕಾರ ಜಾಗ ನಿರ್ಧಾರ ಆಗಿಬಿಡುವುದು ಅಲ್ಲಿಯೇ.

ಇಳಿಜಾರನ್ನೇ ತೆಗೆದುಕೊಳ್ಳಿ. ಪಾಠದಲ್ಲಿ ಅದನ್ನು 10 ಸಮಾನ ಭಾಗ ಮಾಡುತ್ತಾರೆ. ಸಮಾನ ಭಾಗ ಅಂದರೆ, ನಕ್ಷೆಯ ಪುಟ್ಟ ಚೌಕಗಳಾದ ಸೆಲ್‌ಗಳಲ್ಲಿ ಅತಿ ಕಡಿದಾದದ್ದು ಎಷ್ಟಿದೆಯೋ ಅದನ್ನು ಹತ್ತರಿಂದ ಭಾಗಿಸುವುದು. ಲೆಕ್ಕ ಸುಲಭವಾಗಲಿ ಎಂದು ಆ ಗರಿಷ್ಠ 60 ಡಿಗ್ರಿ ಅಂದುಕೊಳ್ಳೋಣ. ಆಗ 0ಯಿಂದ 6 ಡಿಗ್ರಿವರೆಗೆ 10 ಅಂಕ, 6ರಿಂದ 12ಕ್ಕೆ 9, ಹೀಗೆ ಇಳಿಯುತ್ತಾ 36ರಿಂದ 42 ಡಿಗ್ರಿಗೆ 4 ಅಂಕ. 1, 2, 3 ಅಂಕದ ಸೆಲ್‌ಗಳನ್ನು ಪಾಠದಲ್ಲಿ `Restricted` ಎಂದು ಹೊರಗಿಡುತ್ತಾರೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಈ ಲೆಕ್ಕದಲ್ಲಿ ನಿಷೇಧ ಶುರುವಾಗುವುದೇ 42 ಡಿಗ್ರಿಯಿಂದ. 40 ಡಿಗ್ರಿ ಇಳಿಜಾರು ಕಣದಲ್ಲಿ ಉಳಿದೇ ಇರುತ್ತದೆ.

ಅಂಥ ಒಂದು ಸೆಲ್‌ನ ಅಂಕ ಹಾಕಿ ನೋಡೋಣ. ಮೈದಾನ ಪಕ್ಕದಲ್ಲೇ ಇದೆ, 10. ಬೇರೆ ಶಾಲೆ ದೂರ, 10. ಭೂಬಳಕೆಗೆ 9. ಇಳಿಜಾರಿಗೆ 4. ತೂಕದಿಂದ ಗುಣಿಸಿದರೆ 5 + 2.5 + 1.08 + 0.52, ಒಟ್ಟು 9.10. ವೆಯ್ಟೆಡ್ ಓವರ್‌ಲೇ ಉತ್ತರವನ್ನು ಪೂರ್ಣಾಂಕಕ್ಕೆ ತರುತ್ತದೆ, ಹಾಗಾಗಿ ಇದು 9. ಎಲ್ಲ ಪದರದಲ್ಲೂ 9 ಪಡೆದ, ಕಟ್ಟಡಕ್ಕೆ ಹದವಾಗಿರುವ ಇನ್ನೊಂದು ಜಾಗಕ್ಕೂ 9. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹಸಿರು. ಒಂದು ಕಡೆ ಶಾಲೆ ಕಟ್ಟಬಹುದು, ಇನ್ನೊಂದು ಕಡೆ ಕೈ ಊರದೆ ಹತ್ತಲೂ ಆಗುವುದಿಲ್ಲ.

ಇಲ್ಲಿ ಎರಡು ವಿಷಯ ಬೆರೆತಿವೆ. ಒಂದು, ಕೂಡಿಸುವ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಇಳಿಜಾರಿನ ಅಂಕ 10ರಿಂದ 4ಕ್ಕೆ ಕುಸಿದರೂ ಮೊತ್ತದಲ್ಲಿ ಹೋಗುವುದು 0.78 ಮಾತ್ರ. ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದವನನ್ನು ಕನ್ನಡದ ಅಂಕ ನೋಡಿ ಪಾಸು ಮಾಡಿದ ಹಾಗೆ. ಇನ್ನೊಂದು, ಅಂಕದ ಗಡಿಗಳಿಗೆ ನೆಲದ ಮೇಲೆ ಅರ್ಥವೇ ಇಲ್ಲ. ಅಧ್ಯಯನದ ಗಡಿಯಿಂದ ಬೆಟ್ಟವನ್ನು ಬಿಟ್ಟು, ಗರಿಷ್ಠ ಇಳಿಜಾರು 20 ಡಿಗ್ರಿಗೆ ಇಳಿದರೆ, ಆಗ 14 ಡಿಗ್ರಿಯಿಂದಲೇ ನಿಷೇಧ ಶುರು. ನೆಲ ಹಾಗೇ ಇದೆ, ನಾವು ನಕ್ಷೆ ಕತ್ತರಿಸಿದ ರೀತಿಗೆ ಅಂಕ ಬದಲಾಯಿತು.

ನಾನು ಮಾಡುವುದು ಹೀಗೆ. ಆಗಲೇಬಾರದ ವಿಷಯಗಳನ್ನು ಅಂಕದ ಲೆಕ್ಕದಿಂದ ಮೊದಲೇ ತೆಗೆಯುತ್ತೇನೆ. ಕೆರೆ, ಜೌಗು, ಎಂಜಿನಿಯರ್ ಹೇಳಿದ ಮಿತಿಗಿಂತ ಕಡಿದಾದ ನೆಲ, ಇವೆಲ್ಲ ಮಾಸ್ಕ್ ಎಂಬ 0 ಮತ್ತು 1ರ ಪದರವಾಗುತ್ತವೆ, ಆಗದ ಕಡೆ 0, ಉಳಿದೆಡೆ 1. ಉಳಿದದ್ದಕ್ಕೆ ಮಾತ್ರ ತೂಕ. ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಇಷ್ಟೇ:

```
("rec@1"*0.50 + "school@1"*0.25 + "slope@1"*0.13 + "land@1"*0.12) * "mask@1"
```

ಹೀಗೆ ಮಾಡಿದರೆ ದಶಮಾಂಶವೂ ಉಳಿಯುತ್ತದೆ. ಮೇಲಿನ ಎರಡು ಸೆಲ್‌ಗಳು 9.10 ಮತ್ತು 9.00 ಎಂದು ಬೇರೆ ಬೇರೆ ಕಾಣುತ್ತವೆ. ಮಾಸ್ಕ್ ಹಾಕಿದ ಮೇಲೆ ಮೊದಲನೆಯದು 0.

ಅಂಕದ ಗಡಿಗಳನ್ನು ಕೈಯಾರೆ ಹಾಕುವುದು ಇನ್ನೊಂದು ಅಭ್ಯಾಸ. ದೂರದ ವಿಷಯದಲ್ಲಿ ನಮಗೆ ಕಾನೂನೇ ಗಡಿ ಕೊಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ತಂದ 2010ರ ನಿಯಮಗಳಲ್ಲಿ 1ರಿಂದ 5ನೇ ತರಗತಿಗೆ 1 ಕಿ.ಮೀ. ನಡೆಯುವ ದೂರ, 6ರಿಂದ 8ಕ್ಕೆ 3 ಕಿ.ಮೀ. ಅಂತಿದೆ. ಹಾಗಿದ್ದ ಮೇಲೆ 0ಯಿಂದ 740 ಮೀಟರ್, 740ರಿಂದ 1,480 ಎಂದು ಸಾಫ್ಟ್‌ವೇರ್ ಹಾಕಿಕೊಟ್ಟ ಗಡಿಯನ್ನು ಸುಮ್ನೆ ಯಾಕೆ ಒಪ್ಪಬೇಕು? 1,000ದಲ್ಲಿ ಒಂದು ಗಡಿ ಬರಲೇಬೇಕು. ನಿಯಮ ಹೇಳುವುದು ನಡೆಯುವ ದೂರ, ಪಾಠದ ಪದರ ಅಳೆಯುವುದು ನೇರ ಗೆರೆ ಎಂಬುದೂ ನೆನಪಿರಲಿ. ನಡುವೆ ಹಳ್ಳವೋ ಹೆದ್ದಾರಿಯೋ ಇದ್ದರೆ ನೇರ ಗೆರೆಯ 900 ಮೀಟರ್ ಮಗುವಿನ ಕಾಲಿಗೆ 2 ಕಿ.ಮೀ. ಆಗಬಹುದು.

ಶಾಲೆಯ ದೂರದ ಪದರದಲ್ಲಿ ಇನ್ನೊಂದು ಮೋಸ ಇದೆ. ತಾಲ್ಲೂಕಿನ ಶಾಲೆಗಳ ಪಟ್ಟಿ ಮಾತ್ರ ಹಾಕಿದರೆ, ಗಡಿಯಂಚಿನ ಜಾಗಗಳೆಲ್ಲ ‘ಶಾಲೆಯಿಂದ ದೂರ’ ಎಂದು ಹೆಚ್ಚು ಅಂಕ ಗಿಟ್ಟಿಸುತ್ತವೆ. ಗಡಿಯಾಚೆ 300 ಮೀಟರ್‌ನಲ್ಲಿ ಶಾಲೆ ಇದ್ದರೂ ನಕ್ಷೆಗೆ ಗೊತ್ತಿರುವುದಿಲ್ಲ. ಹಸಿರು ಜಾಗಗಳು ಗಡಿಗುಂಟ ಮಾಲೆ ಕಟ್ಟಿದಂತೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಸುತ್ತಲಿನ ಕೆಲವು ಕಿ.ಮೀ. ಡೇಟಾ ಸೇರಿಸಿ ಲೆಕ್ಕ ಮಾಡಿ, ಕೊನೆಗೆ ಗಡಿಗೆ ಕತ್ತರಿಸಿ.

ಮತ್ತೆ ಸ್ಟೋಗೆ ಬರೋಣ. ಅಲ್ಲಿನ ಎತ್ತರದ ಡೇಟಾ ಅಡಿಗಳಲ್ಲಿದೆ, ನಕ್ಷೆ ಮೀಟರ್‌ನಲ್ಲಿದೆ. ಅದಕ್ಕಾಗಿ ಇಳಿಜಾರು ತೆಗೆಯುವಾಗ ಎತ್ತರವನ್ನು ಗುಣಿಸುವ `Z factor` ಜಾಗದಲ್ಲಿ 0.3048 ಹಾಕಿಸುತ್ತಾರೆ. ಅದನ್ನು 1 ಎಂದೇ ಬಿಟ್ಟರೆ ಪ್ರತಿ ಏರಿಕೆಯೂ ಮೂರು ಪಟ್ಟಿಗಿಂತ ಜಾಸ್ತಿ ಕಾಣುತ್ತದೆ. ಎರರ್ ಏನೂ ಬರುವುದಿಲ್ಲ. ಸಮಾನ ಭಾಗ ಮಾಡಿದ ಮೇಲಂತೂ ಅಂಕ ಮತ್ತೆ 1ರಿಂದ 10ರೊಳಗೇ ಕೂರುತ್ತದೆ, ತಪ್ಪು ಅಲ್ಲಿಗೆ ಹೂತುಹೋಯಿತು. ಗೊತ್ತಿರುವ ಒಂದು ಗದ್ದೆಬಯಲಿನ ಇಳಿಜಾರನ್ನು ರೀಕ್ಲಾಸಿಫೈ ಮಾಡುವ ಮೊದಲೇ ಕ್ಲಿಕ್ ಮಾಡಿ ನೋಡಿದರೆ ಸಿಕ್ಕಿಬೀಳುತ್ತದೆ.

ಓವರ್‌ಲೇ ಆದ ಮೇಲೆ ಪಾಠದಲ್ಲಿ ಒಳ್ಳೆಯ ಅಂಕದ ಸೆಲ್‌ಗಳನ್ನಷ್ಟೇ ಇಟ್ಟುಕೊಂಡು, ಬಿಡಿ ಚುಕ್ಕೆಗಳನ್ನು ತೆಗೆದು, ಉಳಿದವನ್ನು ಪಾಲಿಗನ್ ಎಂಬ ಬಹುಭುಜ ಆಕೃತಿಗಳಾಗಿ ಮಾಡಿ, 40,469 ಚದರ ಮೀಟರ್‌ಗಿಂತ ಸಣ್ಣವನ್ನು ಬಿಡುತ್ತಾರೆ. ಅಂದರೆ 10 ಎಕರೆ. 30 ಮೀಟರ್ ಸೆಲ್ ಆದರೆ ಸುಮಾರು 45 ಸೆಲ್. ರಸ್ತೆ ಮುಟ್ಟುವ ಜಾಗಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಈ ಭಾಗ ಚೆನ್ನಾಗಿದೆ. ಆದರೆ 10 ಎಕರೆ ಇದ್ದೂ ಉದ್ದಕ್ಕೆ ಪಟ್ಟಿಯಂತಿರುವ ಪಾಲಿಗನ್ ಕೂಡ ಪಾಸಾಗುತ್ತದೆ, ಆಕಾರವನ್ನು ಕಣ್ಣಿಂದಲೇ ನೋಡಬೇಕು.

ತೂಕದ ಜಗಳಕ್ಕೆ ನನ್ನ ಉತ್ತರ ಇಷ್ಟೇ. 50ನ್ನು 40 ಮಾಡಿ, ಆ 10ನ್ನು ಶಾಲೆಯ ದೂರಕ್ಕೆ ಕೊಟ್ಟು ಮತ್ತೆ ಓಡಿಸಿ. ಆಮೇಲೆ 60 ಮಾಡಿ, ಆ 10ನ್ನು ಅದೇ ಶಾಲೆಯ ದೂರದಿಂದ ತೆಗೆದು ಓಡಿಸಿ. ಮೂರರಲ್ಲೂ ಮೇಲೆ ಬಂದ ಜಾಗಗಳನ್ನು ಹೋಗಿ ನೋಡುತ್ತೇನೆ. ಒಂದೇ ತೂಕದಲ್ಲಿ ಮಾತ್ರ ಮಿಂಚಿದ ಜಾಗ ವರದಿಯ ಪಟ್ಟಿಯಲ್ಲಿ ಕೆಳಗಿರುತ್ತದೆ, ಯಾವ ತೂಕದಲ್ಲಿ ಬಂತು ಎಂಬ ಟಿಪ್ಪಣಿಯ ಜೊತೆ.