ಬೆಟ್ಟದ ನೆತ್ತಿಯನ್ನು ಬೋಳಿಸುವ ಒಂದು ಸಂಖ್ಯೆ

ಪುಣೆಯ ಪಶ್ಚಿಮಕ್ಕೆ, ಮುಳಶಿ ಕಡೆಯ ಒಂದು ಬೆಟ್ಟ. ನೀರಿನ ಕೊಳವೆ ಮಾರ್ಗಕ್ಕಾಗಿ ಲೇಸರಿನಿಂದ ಅಳೆದ ಅದರ ಲೈಡಾರ್ ಬಿಂದುಗಳಿಂದ ಮರ, ಮನೆಗಳನ್ನು ಕಳೆದು ಬರಿಯ ನೆಲದ ಮಾದರಿ ಮಾಡಬೇಕಿತ್ತು. ಕಚೇರಿಗೆ ಹೊಸದಾಗಿ ಸೇರಿದ್ದ ಬೆಳಗಾವಿಯ ಹುಡುಗಿ ಮಾದರಿಯನ್ನು ಪರದೆಯಲ್ಲಿ ತಿರುಗಿಸಿ ನೋಡಿ, "ಸರ್, ನಾವು ಹೋದಾಗ ಈ ಏಣು ಕತ್ತಿಯಂತಿತ್ತಲ್ಲ, ಇಲ್ಲಿ ಜಗಲಿಯ ಹಾಗೆ ಕಾಣುತ್ತಿದೆ" ಎಂದಳು. ಅವಳ ಕಣ್ಣು ಸರಿಯಾಗಿಯೇ ಹಿಡಿದಿತ್ತು. ನಾವು ಓಡಿಸಿದ್ದು PDAL ತಂತ್ರಾಂಶದ ಈ ಸೋಸುವಿಕೆ; ಸಂಖ್ಯೆಗಳೆಲ್ಲ ಅದರ ಮೂಲ ಬೆಲೆಗಳೇ:

```
{"type":"filters.smrf", "cell":1.0,
 "slope":0.15, "window":18.0, "threshold":0.5}
```

ಇದು ಮೊದಲು ಒಂದೊಂದು ಮೀಟರಿನ ಚೌಕದಲ್ಲೂ ಅತಿ ಕೆಳಗಿನ ಬಿಂದುವನ್ನು ಆರಿಸಿ ಒಂದು ಮೇಲ್ಮೈ ಕಟ್ಟುತ್ತದೆ. ಆಮೇಲೆ ಅದರ ಉಬ್ಬುಗಳನ್ನು ತರಿಯುತ್ತಾ ಹೋಗುತ್ತದೆ: ಮೊದಲು 1 ಮೀಟರ್ ತ್ರಿಜ್ಯದಲ್ಲಿ, ನಂತರ 2, ಹೀಗೆ 18ರವರೆಗೆ. ಒಂದು ಹೆಜ್ಜೆಯಲ್ಲಿ ತರಿದ ಎತ್ತರವು ಆ ತ್ರಿಜ್ಯವನ್ನು slope ಸಂಖ್ಯೆಯಿಂದ ಗುಣಿಸಿದಾಗ ಬರುವ ಮಿತಿಯನ್ನು ಮೀರಿದರೆ ಅಲ್ಲಿರುವುದು ನೆಲವಲ್ಲ ಎಂದು ತೀರ್ಮಾನಿಸುತ್ತದೆ.

ಹನ್ನೆರಡು ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಮನೆಯನ್ನು ತೆಗೆದುಕೊಳ್ಳಿ. ತ್ರಿಜ್ಯ 6 ಮೀಟರ್ ದಾಟುತ್ತಲೇ ಅದು ಪೂರ್ತಿ ತರಿದುಹೋಗುತ್ತದೆ. ಅಲ್ಲಿನ ಮಿತಿ ಸುಮಾರು 0.9 ಮೀಟರ್, ಹಾಗಾಗಿ ಮನೆ ಹೊರಬೀಳುತ್ತದೆ. ಬೇಕಾದದ್ದೂ ಅದೇ. ಆದರೆ ನಮ್ಮ ಏಣಿನ ಎರಡೂ ಮಗ್ಗುಲು ಮೀಟರಿಗೊಂದು ಮೀಟರ್ ಇಳಿಯುತ್ತಿದ್ದವು. ಹೆಜ್ಜೆಹೆಜ್ಜೆಗೂ ನೆತ್ತಿಯಿಂದ ಸುಮಾರು ಒಂದು ಮೀಟರ್ ಹೋಗುತ್ತದೆ. ಆರನೆಯ ಹೆಜ್ಜೆಯವರೆಗೂ ಮಿತಿ ಅದಕ್ಕಿಂತ ಕಡಿಮೆ. ಹೀಗೆ ನೆತ್ತಿಯ ಎರಡೂ ಕಡೆ ಆರಾರು ಮೀಟರ್ ಕರಿಕಲ್ಲು, ಮನೆಯ ಸೂರಿನ ಹಾಗೆ, ನೆಲದ ಲೆಕ್ಕದಿಂದ ತಪ್ಪಿಹೋಯಿತು.

ಹಾಗಾದರೆ slope ಅನ್ನು 1.2ಕ್ಕೆ ಏರಿಸೋಣವೇ? ನೆತ್ತಿ ಉಳಿಯುತ್ತದೆ. ಆದರೆ ತಪ್ಪಲಿನ ಅದೇ ಮನೆಗೆ ಮಿತಿ 7.2 ಮೀಟರ್ ಆಗಿ, ಊರಿನ ಸೂರುಗಳೆಲ್ಲ ದಿಬ್ಬಗಳಾಗಿ ಮಾದರಿಯೊಳಗೆ ಕೂರುತ್ತವೆ. ಸಹ್ಯಾದ್ರಿಯಲ್ಲಿ ಇಡೀ ಪ್ರದೇಶಕ್ಕೆ ಒಂದೇ ಸಂಖ್ಯೆ ಹೊಂದುವುದಿಲ್ಲ ಎಂದು ನನಗೆ ಖಚಿತವಾದದ್ದು ಆ ಮಧ್ಯಾಹ್ನವೇ.

ನಾವು ಬೆಟ್ಟ ಮತ್ತು ತಪ್ಪಲಿನ ನಡುವೆ ಗಡಿ ಎಳೆದೆವು. ಊರಿಗೆ 0.15, ಮನೆಗಳಿಲ್ಲದ ಏಣಿಗೆ 1.2. ಗಡಿಯಲ್ಲಿ ಸುಳ್ಳು ಮೆಟ್ಟಿಲು ಏಳದಂತೆ ಎರಡೂ ತುಂಡುಗಳನ್ನು ಐವತ್ತು ಮೀಟರಿನಷ್ಟು ಒಂದರ ಮೇಲೊಂದು ಬರುವಂತೆ ಇಟ್ಟು, ಸೋಸಿದ ಮೇಲೆ ಹೆಚ್ಚುವರಿ ಅಂಚನ್ನು ಕತ್ತರಿಸಿದೆವು. ಬಳಿಕ ಏಣಿಗೆ ಅಡ್ಡಲಾಗಿ ಸೀಳುನೋಟ ತೆಗೆದು, ಮಾದರಿಯ ಗೆರೆಯನ್ನು ಮೂಲ ಬಿಂದುಗಳ ಮೇಲಿಟ್ಟು ನೋಡಿದೆವು. ನೆಳಲು ನಕ್ಷೆಯಲ್ಲಿ ನುಣುಪಾಗಿ ಕಂಡ ಜಾಗವನ್ನು ಹೀಗೆ ಸೀಳಿ ನೋಡದೆ ನಂಬಬಾರದು.

ಒಂದು ತೊಂದರೆ ಮಾತ್ರ ಉಳಿಯಿತು. ಇಳಿಜಾರಿನಲ್ಲಿ ಹತ್ತು ಮೀಟರ್ ಹರಡಿದ್ದ ಆಳೆತ್ತರದ ಕಾರವಿ ಪೊದೆಗಳು 1.2ರ ಮಿತಿಯೊಳಗೇ ನುಸುಳಿ ನೆಲವೆನಿಸಿಕೊಂಡವು. ಲೇಸರ್ ಬುಡದ ಮಣ್ಣನ್ನೇ ಮುಟ್ಟದಿದ್ದಲ್ಲಿ ಸೋಸಿ ತೆಗೆಯಲು ನೆಲದ ಬಿಂದುವೇ ಇರುವುದಿಲ್ಲ. ಆ ತುಣುಕುಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿ, ಅಲ್ಲಿನ ಎತ್ತರವನ್ನು ನೆಲದ ಮೇಲೆ ನಿಂತೇ ಅಳೆಯಬೇಕೆಂದು ಬರೆದು ಕೊಟ್ಟೆವು.