ಫ್ರೀ ಲುಕ್ ಪಿರಿಯಡ್ ಅಂದ್ರ ಏನು? ಎಫ್‌ಡಿ ಅಂತ ಹೇಳಿ ಪಾಲಿಸಿ ಕೊಟ್ರ ರೊಕ್ಕ ವಾಪಸ್ ತಗೊಳ್ಳೋದು ಹೆಂಗ

ನಮ್ಮ ಸಿಂಧನೂರು, ಗಂಗಾವತಿ ಕಡೆ ಭತ್ತದ ರೊಕ್ಕ ಕೈಗೆ ಬರೋ ಟೈಮಿಗೆ ಬ್ಯಾಂಕಿನಾಗ ಒಂದು ಮಾತು ಕೇಳ್ತೀವಿ, "ಎಫ್‌ಡಿ ಯಾಕ್ರಿ, ಇದರಾಗ ಬಡ್ಡಿ ಜಾಸ್ತಿ, ಇನ್ಶೂರೆನ್ಸ್ ಬ್ಯಾರೆ ಫ್ರೀ." ಸಹಿ ಹಾಕಿ ಬಂದು ತಿಂಗಳೊಪ್ಪತ್ತಿಗೆ ಬಾಂಡ್ ಬಂದಾಗ ಗೊತ್ತಾಗ್ತದ, ಅದು ಎಫ್‌ಡಿ ಅಲ್ಲ, ವರ್ಷಾ ವರ್ಷಾ ಕಟ್ಟೋ ಎಂಡೋಮೆಂಟ್ ಪಾಲಿಸಿ, ಅಂದ್ರ ಉಳಿತಾಯ ಸೇರಿದ ಜೀವ ವಿಮೆ ಅಂತ. ಹಿಂಗ ಸುಳ್ಳು ಹೇಳಿ, ಇಲ್ಲಾ ಅರ್ಧ ಹೇಳಿ ಮಾರೋದಕ್ಕ ಮಿಸ್‌ಸೆಲ್ಲಿಂಗ್ ಅಂತಾರ. ಫ್ರೀ ಲುಕ್ ಅಂದ್ರ ಬಾಂಡ್ ಓದಿ ನೋಡಿ, ಒಪ್ಪಿಗೆ ಆಗಲಿಲ್ಲಂದ್ರ ವಾಪಸ್ ಕೊಡಾಕ ಕಾನೂನೇ ಕೊಟ್ಟ ಟೈಮು. ವಿಮಾ ಕಂಪನಿಗಳ ಮ್ಯಾಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐದ 2024ರ ನಿಯಮದ ಪ್ರಕಾರ ಅದು 30 ದಿನ. ಮೊದಲು ಪೇಪರ್ ಬಾಂಡಿಗೆ 15 ದಿನ ಇತ್ತು, ಕೆಲವರು ಇನ್ನೂ ಅದನ್ನೇ ಹೇಳಿ ಓಡಿಸ್ತಾರ.

ಎಲ್ಲರೂ ಎಡವೋದು ಈ 30 ದಿನ ಯಾವಾಗಿಂದ ಅನ್ನೋದ್ರಾಗ. ರೊಕ್ಕ ಕಟ್ಟಿದ ದಿನದಿಂದ ಅಲ್ಲ, ಬಾಂಡ್ ನಿಮಗ ಸಿಕ್ಕ ದಿನದಿಂದ. ಮೇಲ್‌ನಾಗ ಪಿಡಿಎಫ್ ಬಂದ್ರೂ ಸಿಕ್ಕಂಗನ ಲೆಕ್ಕ.

ನಮ್ಮ ಓಣಿ ಕಾಕಾರದ್ದ ನೋಡ್ರಿ. ನವೆಂಬರ್ 20ಕ್ಕ 1 ಲಕ್ಷ ಕಟ್ಟಿದ್ರು, ಐದು ವರ್ಷದ ಎಫ್‌ಡಿ ಅಂತ ತಿಳ್ಕೊಂಡು. ಡಿಸೆಂಬರ್ 4ಕ್ಕ ಕೊರಿಯರ್‌ನಾಗ ಬಾಂಡ್ ಬಂತು, ಒಳಗ ನೋಡಿದ್ರ ಪ್ರೀಮಿಯಂ 10 ವರ್ಷ, ಪಾಲಿಸಿ 20 ವರ್ಷ, ಸಮ್ ಅಶೂರ್ಡ್, ಅಂದ್ರ ವಿಮೆಯ ಮೊತ್ತ, 10 ಲಕ್ಷ. ಹಿಂದ ಲಗತ್ತಿಸಿದ್ದ ಪ್ರಪೋಸಲ್ ಫಾರ್ಮಿನಾಗ ಉದ್ಯೋಗ "ವ್ಯಾಪಾರ", ವರ್ಷದ ಆದಾಯ 8 ಲಕ್ಷ, ಇಮೇಲ್ ಐಡಿ ಯಾರದೋ! ಎಲ್ಲಾ ಬ್ಯಾಂಕಿನವರೇ ತುಂಬಿ ಸಹಿ ಮಾತ್ರ ಇವರ ಕಡೆ ಹಾಕಿಸ್ಕೊಂಡಿದ್ರು. ಬ್ಯಾಂಕಿಗೆ ಹೋಗಿ ಕೇಳಿದ್ರ "ಕಂಪ್ಲೇಂಟ್ ಹಾಕೀವ್ರಿ ಕಾಕಾ, ವೇಟ್ ಮಾಡ್ರಿ" ಅಂದ್ರು, ಡಿಸೆಂಬರ್ 24ಕ್ಕ ಮತ್ತ ಹೋದಾಗ "ಕಟ್ಟಿ ತಿಂಗಳ ದಾಟೇತಿ, ಇನ್ನ ಆಗೂದಿಲ್ಲ" ಅಂದ್ರು.

ಆ ಮಾತು ತಪ್ಪು. ಬಾಂಡ್ ಕೈಗೆ ಬಂದ ದಿನದಿಂದ ಎಣಿಸಿದ್ರ ಜನವರಿ 3ರ ತನಕ ಟೈಮ್ ಐತಿ. ಆ ಯಾರದೋ ಮೇಲ್‌ಗೆ ನವೆಂಬರ್ 25ಕ್ಕ ಪಿಡಿಎಫ್ ಹೋಗಿತ್ತು ಅಂತ ಕಂಪನಿ ವಾದ ಮಾಡಿದ್ರೂ ಡಿಸೆಂಬರ್ 25ರ ತನಕ ಐತಿ. ಅದಕ್ಕ ಅವತ್ತ ಮಧ್ಯಾಹ್ನನ ಇನ್ಶೂರೆನ್ಸ್ ಕಂಪನಿ ಬ್ರಾಂಚಿಗೆ ಲೆಟರ್ ಕೊಟ್ಟು, ಎರಡನೇ ಕಾಪಿ ಮ್ಯಾಲೆ ತಾರೀಖು ಸಮೇತ ಸೀಲ್ ಹಾಕಿಸ್ಕೊಂಡು, ಅದನ್ನ ಕಂಪನಿಗೆ ಮೇಲ್ ಕೂಡ ಮಾಡಿದ್ವಿ. ಕೊರಿಯರ್ ಕವರ್ ಒಗೀಬ್ಯಾಡ್ರಿ, ಬಾಂಡ್ ಯಾವತ್ತು ಬಂತು ಅನ್ನಾಕ ಅದೇ ಸಾಕ್ಷಿ.

ಲೆಟರ್‌ನಾಗ ಸಬ್ಜೆಕ್ಟ್ "ಫ್ರೀ ಲುಕ್ ಕ್ಯಾನ್ಸಲೇಶನ್" ಅಂತನ ಇರಬೇಕು. ಬರೀ "ಕಂಪ್ಲೇಂಟ್" ಅಂತ ಬರೆದ್ರ ಅವರು ಬ್ಯಾಂಕಿನವರನ್ನ ವಿಚಾರಣೆ ಮಾಡ್ಕೋತ ಕೂತು ನಿಮ್ಮ 30 ದಿನ ಮುಗಿಸ್ತಾರ. ಫ್ರೀ ಲುಕ್‌ನಾಗ ಮೋಸ ಆಗೇತಿ ಅಂತ ಸಾಬೀತು ಮಾಡೋ ಜರೂರತ್ತೇ ಇಲ್ಲ, "10 ವರ್ಷ ಕಟ್ಟೋ ಷರತ್ತು ನನಗೆ ಒಪ್ಪಿಗೆ ಇಲ್ಲ, ಪಾಲಿಸಿ ರದ್ದು ಮಾಡಿ ಪ್ರೀಮಿಯಂ ವಾಪಸ್ ಕೊಡ್ರಿ" ಅಂತ ಒಂದು ಕಾರಣ ಸಾಕು. ಟೈಮ್ ದಾಟಿದ ಮ್ಯಾಲೆ ಮಾತ್ರ ಮಿಸ್‌ಸೆಲ್ಲಿಂಗ್ ಸಾಬೀತು ಮಾಡೋ ಭಾರ ನಿಮ್ಮ ತಲಿ ಮ್ಯಾಲೆ, ಬ್ಯಾಂಕಿನವ ಬಾಯಿಲೆ ಹೇಳಿದ್ದಕ್ಕ ರಸೀದಿ ಎಲ್ಲಿಂದ ತರ್ತೀರಿ? ಒರಿಜಿನಲ್ ಬಾಂಡ್, ಕ್ಯಾನ್ಸಲ್ ಚೆಕ್ ಇಲ್ಲಾ ಪಾಸ್‌ಬುಕ್ ಕಾಪಿ, ಐಡಿ ಪ್ರೂಫ್ ಜೊತಿಗಿರಲಿ, ಬಾಂಡ್ ಕೊಡೂಕ ಮುಂಚೆ ಪೂರ್ತಿ ಜೆರಾಕ್ಸ್ ತಗೀರಿ.

ಕಡಿತ ಎಷ್ಟು? ವಿಮಾ ರಕ್ಷಣೆ ಇದ್ದಷ್ಟು ದಿನದ ಖರ್ಚು ಅಂದ್ರ ರಿಸ್ಕ್ ಪ್ರೀಮಿಯಂ, ಮೆಡಿಕಲ್ ಟೆಸ್ಟ್ ಮಾಡ್ಸಿದ್ರ ಅದರ ಖರ್ಚು, ಸ್ಟಾಂಪ್ ಡ್ಯೂಟಿ, ಇಷ್ಟೇ. ಸ್ಟಾಂಪ್ ಡ್ಯೂಟಿ ಸಮ್ ಅಶೂರ್ಡ್‌ನ ಸಾವಿರಕ್ಕ 20 ಪೈಸೆ, ಅಂದ್ರ ಕಾಕಾರ 10 ಲಕ್ಷಕ್ಕ 200 ರೂಪಾಯಿ, ಮೆಡಿಕಲ್ ಇರಲಿಲ್ಲ, ರಿಸ್ಕ್ ಪ್ರೀಮಿಯಂ ಕೆಲವು ನೂರು. ಕಮಿಶನ್ ಹೆಸರಲ್ಲಿ ಕಡಿತ ಮಾಡಂಗಿಲ್ಲ. ರೊಕ್ಕ ಮಾರ್ಕೆಟ್‌ನಾಗ ಹಾಕೋ ಯುಲಿಪ್ ಪಾಲಿಸಿ ಆದ್ರ ಲೆಕ್ಕ ಬ್ಯಾರೆ, ಅವತ್ತಿನ ಎನ್‌ಎವಿ, ಅಂದ್ರ ಒಂದು ಯೂನಿಟ್ಟಿನ ಬೆಲೆ ಮ್ಯಾಲೆ ಹೋಗ್ತದ, ಮಾರ್ಕೆಟ್ ಬಿದ್ದಿದ್ರ ಸ್ವಲ್ಪ ಹೊಡೆತ ಬೀಳ್ತದ.

ಲೆಟರ್ ಮುಟ್ಟಿದ 7 ದಿನದಾಗ ರೊಕ್ಕ ಬರಬೇಕು. ಈ ನಡುವೆ ಫೋನ್ ಬರ್ತಾವ, "ಬ್ಯಾರೆ ಪ್ಲಾನಿಗೆ ಬದಲಿ ಮಾಡ್ತೀವಿ ಸರ್, ಬೋನಸ್ ಹೋಗ್ತದ" ಅಂತ, ಅದಕ್ಕ ಹೂಂ ಅನ್ನಬ್ಯಾಡ್ರಿ, ಕಾಲ್ ರೆಕಾರ್ಡ್ ಆಗ್ತಿರ್ತದ. ಉತ್ತರ ಬರಲಿಲ್ಲ ಅಂದ್ರ ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ ಬರೀರಿ, bimabharosa.irdai.gov.in ನಾಗ ಇಲ್ಲಾ 155255ಕ್ಕ ಫೋನ್ ಮಾಡಿ ದೂರು ದಾಖಲು ಮಾಡ್ರಿ. ಕಂಪನಿಗೆ ಬರೆದು ಒಂದು ತಿಂಗಳಾದ್ರೂ ಉತ್ತರ ಇಲ್ಲ, ಇಲ್ಲಾ ಆಗೂದಿಲ್ಲ ಅಂದ್ರ, ಬೆಂಗಳೂರಿನ ವಿಮಾ ಲೋಕಪಾಲರು ಅದಾರ, ಫೀಸಿಲ್ಲ, ವಕೀಲರು ಬೇಕಾಗಿಲ್ಲ, ಒಂದು ವರ್ಷದೊಳಗ ಹೋಗಬೇಕು ಅಷ್ಟ. ಸುಳ್ಳು ಆದಾಯ, ಸುಳ್ಳು ಮೇಲ್ ಐಡಿ ತುಂಬಿದ್ದಕ್ಕ ಮಿಸ್‌ಸೆಲ್ಲಿಂಗ್ ದೂರು ರೊಕ್ಕ ಬಂದ ಮ್ಯಾಲೂ ಹಾಕಬಹುದು, ಪ್ರಪೋಸಲ್ ಫಾರ್ಮಿನ ಆ ಜೆರಾಕ್ಸ್ ಆಗ ಬೇಕಾಗ್ತದ.